ಪ್ರೊಫೈಲ್ ಓದಿಸುವುದು: ಒಬ್ಬರು ಉದ್ದ ಮಾಡು, ಇನ್ನೊಬ್ಬರು ಕತ್ತರಿಸು ಅಂದಾಗ

ಡೇಟಿಂಗ್ ಆ್ಯಪ್‌ಗೆ ಪ್ರೊಫೈಲ್ ಬರೆದು ಮುಗಿಸಿದವರಿಗೆ ಈ ಟಿಪ್ಪಣಿ. ಬರೆದದ್ದನ್ನು ಗೆಳೆಯರಿಗೆ ತೋರಿಸುವುದು ಹೇಗೆ, ಅವರು ಒಂದಕ್ಕೊಂದು ವಿರುದ್ಧವಾಗಿ ಹೇಳಿದರೆ ಏನು ಮಾಡುವುದು, ಇವಿಷ್ಟೇ ಇಲ್ಲಿವೆ. ಉದಾಹರಣೆಗೆ ನನ್ನದೇ ಪ್ರೊಫೈಲ್ ತೆಗೆದುಕೊಂಡಿದ್ದೇನೆ. ಹಿಂಜ್ ಆ್ಯಪ್‌ನದು ಅದು: ಆರು ಫೋಟೋ, ಮೂರು ಪ್ರಶ್ನೆಗಳಿಗೆ ಉತ್ತರ, ಒಂದೊಂದು ಉತ್ತರಕ್ಕೆ 150 ಅಕ್ಷರಗಳ ಮಿತಿ.

ಗೆಳೆಯರಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ

ಫೋನ್ ಕೈಗೆ ಕೊಟ್ಟು "ಹೇಗಿದೆ?" ಅಂತ ಕೇಳಿದರೆ "ಚೆನ್ನಾಗಿದೆ" ಅನ್ನುತ್ತಾರೆ. ಅದು ಸುಳ್ಳಲ್ಲ. ನಿಮ್ಮ ಗೆಳೆಯರು ನಿಮ್ಮನ್ನು ಬಲ್ಲವರು. ನೀವು ಬರೆಯದೇ ಬಿಟ್ಟದ್ದನ್ನೂ ಅವರು ತಾವೇ ತುಂಬಿಕೊಂಡು ಓದುತ್ತಾರೆ. "ನಗುವುದು ಇಷ್ಟ" ಅಂತ ನೀವು ಬರೆದರೆ ಅವರ ಕಿವಿಯಲ್ಲಿ ನಿಮ್ಮ ನಗು ಕೇಳುತ್ತದೆ. ಅಪರಿಚಿತರಿಗೆ ಅಲ್ಲಿರುವುದು ಎರಡು ಪದ ಮಾತ್ರ.

ಇದರಿಂದ ಒಂದು ಮಾತು ತಿಳಿಯುತ್ತದೆ. "ಇದು ನಿಜವಾಗಿ ನನ್ನ ಹಾಗಿದೆಯಾ?" ಅನ್ನುವ ಪ್ರಶ್ನೆಗೆ ಹತ್ತಿರದ ಗೆಳೆಯರಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. "ನನ್ನನ್ನು ಕಾಣದವರಿಗೆ ಏನನ್ನಿಸುತ್ತದೆ?" ಅನ್ನುವ ಪ್ರಶ್ನೆಗೆ ಮಾತ್ರ ಅವರು ಅಷ್ಟು ಸರಿಯಾದವರಲ್ಲ. ಹಾಗಾಗಿ ನಾನು ಇಬ್ಬರು ಆಪ್ತರ ಜೊತೆಗೆ, ನನ್ನನ್ನು ಒಮ್ಮೆಯೂ ನೋಡದ ಒಬ್ಬರನ್ನೂ ಸೇರಿಸಿಕೊಂಡೆ: ಕಾಲೇಜಿನ ಗೆಳತಿ, ಆಫೀಸಿನ ಗೆಳೆಯ, ಮತ್ತು ಆ ಗೆಳತಿಯ ಅಕ್ಕ.

ಕೇಳುವ ಬಗೆ

ಮೂವರನ್ನೂ ಬೇರೆ ಬೇರೆಯಾಗಿ ಕೇಳಿದೆ. ಗುಂಪಿನಲ್ಲಿ ಕೇಳಿದರೆ ಮೊದಲು ಬಾಯಿ ಬಿಟ್ಟವರ ಮಾತಿಗೇ ಉಳಿದವರೂ ವಾಲುತ್ತಾರೆ. ಆಮೇಲೆ "ಮೂವರೂ ಹಾಗೇ ಅಂದರು" ಅಂತ ನಾವು ಎಣಿಸಿಕೊಳ್ಳುತ್ತೇವೆ, ನಿಜವಾಗಿ ಅದು ಒಬ್ಬರದೇ ಮಾತು.

ಎಡಿಟ್ ಮಾಡುವ ಪರದೆ ತೋರಿಸಬೇಡಿ. ಬೇರೆಯವರಿಗೆ ಕಾಣುವ ಹಾಗೆ, ಅದೇ ಕ್ರಮದಲ್ಲಿ ತೋರಿಸಿ. ಹತ್ತು ಸೆಕೆಂಡ್ ಆದ ಮೇಲೆ ಫೋನ್ ವಾಪಸ್ ತೆಗೆದುಕೊಂಡು ಕೇಳಿ: ಏನು ನೆನಪಿದೆ? ನೆನಪಿನಲ್ಲಿ ಉಳಿದದ್ದೇ ನಿಮ್ಮ ಪ್ರೊಫೈಲ್. ಉಳಿದದ್ದು ಪರದೆಯ ಮೇಲೆ ಇದ್ದರೂ ಇಲ್ಲದ ಹಾಗೆ.

ಆಮೇಲೆ ನಿಧಾನವಾಗಿ ಪೂರ್ತಿ ಓದಲು ಬಿಟ್ಟು ಇನ್ನೊಂದು ಪ್ರಶ್ನೆ ಕೇಳಿ: "ನಿನಗೆ ಈ ವ್ಯಕ್ತಿ ಯಾರು ಅಂತ ಗೊತ್ತಿಲ್ಲ ಅಂದುಕೋ. ಮೊದಲ ಮೆಸೇಜ್ ಏನು ಬರೀತೀಯ?" ನನಗೆ ಅತ್ಯಂತ ಉಪಯೋಗಕ್ಕೆ ಬಂದ ಪ್ರಶ್ನೆ ಇದೇ. ಅಭಿಪ್ರಾಯ ಹೇಳುವಾಗ ಮುಖ ನೋಡಿ ಮೆತ್ತಗೆ ಮಾತಾಡುವ ಗೆಳೆಯರೂ, ಮೆಸೇಜ್ ಬರೆಯಲು ಕೂತಾಗ ಎಲ್ಲೂ ಹಿಡಿ ಸಿಗದೆ ತಡವರಿಸುತ್ತಾರೆ. ಆ ತಡವರಿಕೆಯೇ ಉತ್ತರ. ನನ್ನ ಆಫೀಸಿನ ಗೆಳೆಯ ಸ್ವಲ್ಪ ಹೊತ್ತು ಯೋಚಿಸಿ "ಹಾಯ್, ಹೇಗಿದ್ದೀರಿ" ಅಂತ ಬರೆದ. "ಚೆನ್ನಾಗಿದೆ" ಅಂತ ಹೇಳಿದವನೂ ಅವನೇ!

ಅವರು ಮಾತಾಡುವಾಗ ನೀವು ವಿವರಣೆ ಕೊಡಬೇಡಿ. "ಇಲ್ಲ, ಅದು ಯಾಕೆಂದರೆ..." ಅಂತ ಶುರು ಮಾಡಿದರೆ ಅಲ್ಲಿಗೆ ಮುಗಿಯಿತು, ಆಮೇಲೆ ಅವರು ನಿಮ್ಮನ್ನು ಸಮಾಧಾನ ಮಾಡಲು ತೊಡಗುತ್ತಾರೆ. ಅವರ ಮಾತನ್ನು ಅವರದೇ ಪದಗಳಲ್ಲಿ ಬರೆದುಕೊಳ್ಳಿ.

ಸಲಹೆಗಳು ಜಗಳಕ್ಕೆ ನಿಂತಾಗ

ನನ್ನ ಒಂದು ಉತ್ತರ ಹೀಗಿತ್ತು: "ಪುಸ್ತಕ, ಸಂಗೀತ, ಪ್ರಯಾಣ, ಒಳ್ಳೆಯ ಮಾತುಕತೆ ಇಷ್ಟ. ಹೊಸದನ್ನು ಕಲಿಯುವುದೆಂದರೆ ಖುಷಿ." ಗೆಳತಿ ಅಂದಳು: "ಉದ್ದ ಆಯ್ತು, ಅರ್ಧಕ್ಕೆ ಕತ್ತರಿಸು." ಆಫೀಸಿನ ಗೆಳೆಯ ಅಂದ: "ಇನ್ನೂ ಸ್ವಲ್ಪ ಬರಿ, ಏನೂ ಗೊತ್ತಾಗಲ್ಲ."

ಮೊದಲು ನಾನು ನಡುವಿನ ದಾರಿ ಹಿಡಿಯಲು ನೋಡಿದೆ. ಒಂದು ಪದ ತೆಗೆದೆ, ಒಂದು ಸೇರಿಸಿದೆ. ಅದರಿಂದ ಏನೂ ಆಗಲಿಲ್ಲ. ಆಮೇಲೆ ಬರೆದುಕೊಂಡದ್ದನ್ನು ಮತ್ತೆ ಓದಿದೆ. ಇಬ್ಬರ ಮಾತಿನಲ್ಲೂ ಎರಡು ಭಾಗಗಳಿದ್ದವು: ಅವರಿಗೆ ಆದದ್ದು ಒಂದು, ಅವರು ಸೂಚಿಸಿದ ಮದ್ದು ಇನ್ನೊಂದು. ಗೆಳತಿಗೆ ಆದದ್ದು ಬೇಸರ. ಗೆಳೆಯನಿಗೆ ಆದದ್ದು ಏನೂ ತಿಳಿಯದ ಭಾವ. ಎರಡೂ ಒಂದೇ ರೋಗದ ಲಕ್ಷಣ, ಅಲ್ವಾ? ಆ ಸಾಲು ಯಾರು ಬೇಕಾದರೂ ಬರೆಯಬಹುದಾದ ಸಾಲಾಗಿತ್ತು. ಮದ್ದು ಮಾತ್ರ ಇಬ್ಬರೂ ಬೇರೆ ಬೇರೆ ಹೇಳಿದ್ದರು, ಮತ್ತು ಎರಡೂ ತಪ್ಪಾಗಿದ್ದವು.

ಬದಲಿಸಿದ ಸಾಲು ಇದು: "ಕೆಟ್ಟ ರೇಡಿಯೋಗಳನ್ನು ಬಿಚ್ಚಿ ಸರಿಮಾಡುತ್ತೇನೆ. ನಾಲ್ಕರಲ್ಲಿ ಮೂರು ಮತ್ತೆ ಹಾಡಿವೆ. ನಾಲ್ಕನೆಯದರ ಜೊತೆ ಇನ್ನೂ ಮಾತುಕತೆ ನಡೆದಿದೆ." ಉದ್ದ ಸ್ವಲ್ಪ ಜಾಸ್ತಿಯೇ ಆಯಿತು, ಆದರೆ ಕೆಲಸ ಮಾಡಿದ್ದು ಉದ್ದವಲ್ಲ, ವಿವರ. ಈಗ ಇಬ್ಬರಿಗೂ ತಕರಾರು ಇರಲಿಲ್ಲ.

ಗೆಳೆಯರು ಹೇಳುವ "ಇಲ್ಲಿ ಎಡವಿದೆ" ಅನ್ನುವ ಮಾತನ್ನು ನಾನು ಬಹುಮಟ್ಟಿಗೆ ನಂಬುತ್ತೇನೆ. "ಹೀಗೆ ಬರಿ" ಅನ್ನುವ ಮಾತನ್ನು ಅಷ್ಟು ನಂಬುವುದಿಲ್ಲ. ಎಡವಿದ್ದು ಅವರ ಅನುಭವ, ಅದನ್ನು ಯಾರೂ ಅಲ್ಲಗಳೆಯಲಾಗದು. ಮದ್ದು ಅವರ ಊಹೆ. ಬರೀ ಮದ್ದನ್ನೇ ಹೇಳಿದರೆ ಕೇಳಿ: "ಯಾವ ಪದ ಓದುವಾಗ ಹಾಗನ್ನಿಸಿತು?"

ಮೊದಲ ಫೋಟೋದ ಜಗಳ ಬೇರೆ ಬಗೆಯದು. ಬೆಟ್ಟದ ಮೇಲೆ ಟೋಪಿ, ಕಪ್ಪು ಕನ್ನಡಕ ಹಾಕಿ ನಿಂತ ಫೋಟೋ ಅದು. ಗೆಳತಿ "ಇದೇ ಇರಲಿ, ಇದರಲ್ಲಿ ನೀನು ನೀನೇ" ಅಂದಳು. ಅವಳ ಅಕ್ಕ ಹತ್ತು ಸೆಕೆಂಡ್ ನೋಡಿ, "ನಿಮ್ಮ ಮುಖ ನೆನಪಿಲ್ಲ, ಬೆಟ್ಟ ನೆನಪಿದೆ" ಅಂದರು. ಇಲ್ಲಿ ಇಬ್ಬರೂ ತಮ್ಮ ಮಟ್ಟಿಗೆ ಸರಿ. ಗೆಳತಿಗೆ ಆ ಕನ್ನಡಕದ ಹಿಂದಿನ ಕಣ್ಣು ಗೊತ್ತು, ಅಕ್ಕನಿಗೆ ಗೊತ್ತಿಲ್ಲ. ಪ್ರೊಫೈಲ್ ನೋಡುವವರೆಲ್ಲ ಅಕ್ಕನ ಜಾಗದಲ್ಲಿ ಇರುವವರು. ಹಾಗಾಗಿ ಅಕ್ಕನ ಮಾತಿಗೆ ಜಾಸ್ತಿ ತೂಕ ಕೊಟ್ಟೆ. ಬೆಟ್ಟದ ಫೋಟೋ ನಾಲ್ಕನೆಯದಾಯಿತು, ಕಿಟಕಿಯ ಬೆಳಕಿನಲ್ಲಿ ಮುಖ ನೇರವಾಗಿ ಕಾಣುವ ಫೋಟೋ ಮೊದಲನೆಯದಾಯಿತು.

ಫೋಟೋ ವಿಷಯದಲ್ಲಿ ನಮ್ಮ ಆಯ್ಕೆಗೆ ನಾವೇ ಕಡಿಮೆ ಅಂಕ ಕೊಡಬೇಕು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಡೇವಿಡ್ ವೈಟ್ ಮತ್ತು ಜೊತೆಗಾರರು 2017ರಲ್ಲಿ ಇದನ್ನು ಪರೀಕ್ಷಿಸಿ ಪ್ರಕಟಿಸಿದರು. 102 ವಿದ್ಯಾರ್ಥಿಗಳು ತಮ್ಮದೇ 12 ಫೋಟೋಗಳಲ್ಲಿ ಡೇಟಿಂಗ್‌ನಂಥ ಪ್ರೊಫೈಲ್‌ಗಳಿಗೆ ಯಾವುದು ಸರಿ ಅಂತ ಆರಿಸಿದರು. ತಾವು ನೋಡಿಲ್ಲದ ಇನ್ನೊಬ್ಬರ ಫೋಟೋಗಳಿಂದಲೂ ಹಾಗೇ ಆರಿಸಿಕೊಟ್ಟರು. ಇವರ್‍ಯಾರನ್ನೂ ಅರಿಯದ ಜನರಿಗೆ ತೋರಿಸಿದಾಗ, ಬೇರೆಯವರು ಆರಿಸಿದ ಫೋಟೋಗಳೇ ಹೆಚ್ಚು ಒಳ್ಳೆಯ ಅಭಿಪ್ರಾಯ ಮೂಡಿಸಿದವು.

ಆದರೆ ಗೆಳೆಯರು "ಈ ಫೋಟೋದಲ್ಲಿ ನೀನು ನಿನ್ನ ಹಾಗಿಲ್ಲ" ಅಂದರೆ ವಾದ ಮಾಡದೆ ತೆಗೆದುಬಿಡಿ. ನಿಮ್ಮನ್ನು ಎದುರಿಗೆ ನೋಡುವವರು ಅವರು. ಫೋಟೋ ಹಳೆಯದಿರಬಹುದು, ಇಲ್ಲವೇ ತೀರಾ ಹತ್ತಿರದ ಸೆಲ್ಫಿ ಇರಬಹುದು. ಮುಖದಿಂದ ಸುಮಾರು 30 ಸೆಂಟಿಮೀಟರ್ ದೂರದಲ್ಲಿ ತೆಗೆದ ಸೆಲ್ಫಿಯಲ್ಲಿ ಮೂಗು ನಿಜಕ್ಕಿಂತ ಸುಮಾರು 30% ಅಗಲವಾಗಿ ಕಾಣುತ್ತದೆ ಅಂತ 2018ರ ಒಂದು ವೈದ್ಯಕೀಯ ಲೇಖನ ಲೆಕ್ಕ ಹಾಕಿ ತೋರಿಸಿದೆ. 1.5 ಮೀಟರ್ ದೂರದಿಂದ ತೆಗೆದರೆ ಆ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಆ ದೂರಕ್ಕೆ ಕೈ ಸಾಲದು, ಗೆಳೆಯರೇ ತೆಗೆಯಬೇಕು.

ಮೂರನೆಯ ಜಗಳವನ್ನು ಯಾರ ಮಾತಿನಿಂದಲೂ ಬಗೆಹರಿಸಲು ಆಗಲಿಲ್ಲ. "ಮದುವೆಯವರೆಗೆ ಹೋಗುವ ಸಂಬಂಧ ಹುಡುಕುತ್ತಿದ್ದೇನೆ" ಅಂತ ಬರೆದಿದ್ದೆ. ಆಫೀಸಿನ ಗೆಳೆಯ "ತೆಗಿ, ಲೈಕ್ ಕಡಿಮೆ ಆಗುತ್ತೆ" ಅಂದ. ಗೆಳತಿ "ಇಡು, ಇಲ್ಲಾಂದ್ರೆ ಸುಮ್ನೆ ಟೈಮ್ ಹಾಳು" ಅಂದಳು. ಅವನು ಎಣಿಸುತ್ತಿದ್ದದ್ದು ಎಷ್ಟು ಜನ ಬರುತ್ತಾರೆ ಅನ್ನುವುದನ್ನು. ಅವಳು ಎಣಿಸುತ್ತಿದ್ದದ್ದು ಎಷ್ಟು ಜನ ಉಳಿಯುತ್ತಾರೆ ಅನ್ನುವುದನ್ನು. ಇಬ್ಬರ ಲೆಕ್ಕವೂ ತಪ್ಪಲ್ಲ, ಗುರಿ ಬೇರೆ. ನನಗೆ ಬೇಕಾದದ್ದು ಎರಡನೆಯದು, ಸಾಲು ಉಳಿಯಿತು. ಈ ಜಗಳಕ್ಕೆ ಅರ್ಧ ಕಾರಣ ನಾನೇ. ಗುರಿ ಏನು ಅಂತ ಮೊದಲೇ ಅವರಿಗೆ ಹೇಳಿರಲಿಲ್ಲ.

ಒಬ್ಬರೇ ಹೇಳಿದರೂ ತಕ್ಷಣ ಬದಲಿಸಬೇಕಾದದ್ದು ಒಂದಿದೆ. ಹಿನ್ನೆಲೆಯಲ್ಲಿ ಮನೆ ನಂಬರ್, ಕೊರಳಲ್ಲಿ ಕಂಪನಿಯ ಐಡಿ ಕಾರ್ಡ್, ಬೇರೆಯವರ ಮಗುವಿನ ಮುಖ, ಇಂಥದ್ದನ್ನು ಯಾರಾದರೂ ತೋರಿಸಿದರೆ ಇನ್ನೊಬ್ಬರ ಅಭಿಪ್ರಾಯಕ್ಕೆ ಕಾಯಬೇಡಿ. ನನ್ನ ಐದನೆಯ ಫೋಟೋದಲ್ಲಿ ಐಡಿ ಕಾರ್ಡ್ ಇತ್ತು. ಕಂಡದ್ದು ಅಕ್ಕನಿಗೆ ಮಾತ್ರ.

ಬದಲಿಸಿದ ಮೇಲೆ

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಎರಡು ವಾರ ಬಿಡಿ. ಹಿಂಜ್‌ನಲ್ಲಿ ಲೈಕ್ ಬರುವುದು ಒಂದು ನಿರ್ದಿಷ್ಟ ಫೋಟೋಗೆ ಅಥವಾ ಒಂದು ಉತ್ತರಕ್ಕೆ, ಹಾಗಾಗಿ ಯಾವುದು ಹಿಡಿಯಿತು ಅಂತ ನೋಡುವುದು ಸುಲಭ. ಆದರೆ ಸಂಖ್ಯೆಯನ್ನು ಜಾಸ್ತಿ ನಂಬಬೇಡಿ. ನಾಲ್ಕು ಲೈಕ್ ಏಳಾದರೆ ಅದು ಆಕಸ್ಮಿಕವೂ ಆಗಿರಬಹುದು, ಆ್ಯಪ್ ಆ ವಾರ ನಿಮ್ಮನ್ನು ಬೇರೆ ಜನರಿಗೆ ತೋರಿಸಿದ್ದೂ ಇರಬಹುದು. ನಾನು ನೋಡಿದ್ದು ಮೆಸೇಜ್‌ಗಳ ಒಳಗೆ ಏನಿದೆ ಅನ್ನುವುದನ್ನು. ಮೊದಲು ಬಂದವೆಲ್ಲ "ಹಾಯ್". ಸಾಲು ಬದಲಿಸಿದ ಮೇಲಿನ ಎರಡು ವಾರದಲ್ಲಿ ಒಂಬತ್ತು ಮೆಸೇಜ್ ಬಂದವು. ಅವುಗಳಲ್ಲಿ ಐದು ರೇಡಿಯೋ ಬಗ್ಗೆ ಇದ್ದವು, ಒಬ್ಬರು ತಮ್ಮ ಅಜ್ಜನ ವಾಲ್ವ್ ರೇಡಿಯೋದ ಫೋಟೋ ತೋರಿಸುತ್ತೇನೆ ಅಂತಲೂ ಬರೆದಿದ್ದರು.

ಆಮೇಲೆ ಮೂವರಿಗೂ ಹೋಗಿ ಹೇಳಿದೆ, ಯಾವ ಮಾತು ತೆಗೆದುಕೊಂಡೆ, ಯಾವುದನ್ನು ಬಿಟ್ಟೆ, ಯಾಕೆ ಅಂತ. ಆಫೀಸಿನ ಗೆಳೆಯನ ಸಲಹೆಗಳಲ್ಲಿ ಒಂದನ್ನೂ ಅವನು ಹೇಳಿದ ಹಾಗೆ ಮಾಡಿರಲಿಲ್ಲ, ಅವನಿಗೆ ಹೇಳಲು ಸ್ವಲ್ಪ ಅಳುಕಿತ್ತು. "ಏನೂ ಗೊತ್ತಾಗಲ್ಲ ಅಂತ ನೀನು ಅಂದಿದ್ದಕ್ಕೇ ರೇಡಿಯೋ ಬಂತು" ಅಂದೆ. ಅವನು ಫೋನ್ ಇಸಿದುಕೊಂಡು ಮತ್ತೊಮ್ಮೆ ಓದಿದ. "ಆ ನಾಲ್ಕನೇ ರೇಡಿಯೋಗೆ ಏನಾಗಿದೆ?" ಅಂತ ಕೇಳಿದ.