ಕ್ಯಾಪ್ಷನ್ನಿನಲ್ಲಿ ಅರ್ಧ ಇಂಗ್ಲಿಷ್ ಬೆರೆಸಿದರೆ ಹೊರದೇಶದವರಿಗೂ ತಲುಪುತ್ತದೆಯೇ?

ಪ್ರಶ್ನೆ: ನಮ್ಮದು ಅಡುಗೆ ಚಾನೆಲ್. ಅಮೆರಿಕ, ದುಬೈ ಕಡೆಯ ಕನ್ನಡದವರೂ ನೋಡುತ್ತಾರೆ. ಕ್ಯಾಪ್ಷನ್ ಕನ್ನಡದಲ್ಲಿ ಹಾಕಬೇಕೋ, ಇಂಗ್ಲಿಷಿನಲ್ಲೋ? ಎರಡನ್ನೂ ಬೆರೆಸಿ ಒಂದೇ ಸಾಲಲ್ಲಿ ಹಾಕಿದರೆ ರೀಚ್ ಹೆಚ್ಚುತ್ತದಂತೆ, ಹೌದೇ?

ಉತ್ತರ: ಎರಡೂ ಹಾಕಿ, ಬೆರೆಸಬೇಡಿ.

ಇಷ್ಟೇ ಹೇಳಿ ಎದ್ದು ಹೋಗಬಹುದಿತ್ತು. ಆದರೆ ಹಾಗೆ ಹೇಳಿದಾಗಲೆಲ್ಲ ಮರುದಿನವೇ ಇನ್ನೊಬ್ಬರು ಇದನ್ನೇ ಕೇಳುತ್ತಾರೆ. ಚಾನೆಲ್‌ಗಳಿಗೆ ಸಬ್‌ಟೈಟಲ್ ಬರೆದುಕೊಡುವ ಕೆಲಸ ಹಿಡಿದಾಗಿನಿಂದ ನಾನು ಅತಿ ಹೆಚ್ಚು ಸಲ ಉತ್ತರಿಸಿದ ಪ್ರಶ್ನೆ ಇದು. ಹಾಗಾಗಿ ಈ ಸಲ ಒಂದು ಸಾಲನ್ನು ಬಿಡಿಸಿಯೇ ತೋರಿಸುತ್ತೇನೆ.

ಮೊದಲು, "ಹೊರದೇಶದವರು" ಅಂದರೆ ಯಾರು? ಒಂದೇ ಮನೆಯ ಸೋಫಾದ ಮೇಲೆ ಮೂವರನ್ನು ಕೂರಿಸಿಕೊಳ್ಳಿ. ತಾಯಿ ಮೈಸೂರಿನಲ್ಲಿ ಓದಿ, ಮದುವೆಯಾದ ಮೇಲೆ ಹೋದವರು. ಕನ್ನಡವನ್ನೂ ಇಂಗ್ಲಿಷನ್ನೂ ಸಲೀಸಾಗಿ ಓದುತ್ತಾರೆ. ಮಗಳು ಅಲ್ಲೇ ಹುಟ್ಟಿದವಳು. ಮನೆಯ ಕನ್ನಡ ಕಿವಿಗೆ ಬಿದ್ದರೆ ಅರ್ಥವಾಗುತ್ತದೆ, ಅಕ್ಷರ ಮಾತ್ರ ಬಾರದು. ಅಳಿಯನಿಗೆ ಕನ್ನಡ ಕೇಳಿದರೂ ತಿಳಿಯದು, ಓದಲೂ ಬಾರದು, ಇಂಗ್ಲಿಷ್ ಮಾತ್ರ ಗೊತ್ತು, ಆದರೆ ಅತ್ತೆ ಮಾಡುವ ಸಾರು ಇಷ್ಟ. ಮಾಡಿನೋಡುವ ಆಸೆಯೂ ಇದೆ.

ಈಗ ಈ ಮೂವರ ಮುಂದೆ ನೀವು ಕೇಳುತ್ತಿರುವ ಬೆರಕೆ ಸಾಲನ್ನು ಇಡೋಣ. ಇಂಥದ್ದನ್ನು ನೀವು ನೂರು ವಿಡಿಯೋಗಳಲ್ಲಿ ನೋಡಿರುತ್ತೀರಿ.

```
ಬೇಳೆ cook ಆದ್ಮೇಲೆ tamarind juice add ಮಾಡಿ
```

ತಾಯಿಗೆ ಇದರಿಂದ ನಷ್ಟವಿಲ್ಲ, ಲಾಭವೂ ಇಲ್ಲ. ಪೂರ್ತಿ ಕನ್ನಡದಲ್ಲಿದ್ದರೂ ಓದುತ್ತಿದ್ದರು. ಅಳಿಯನ ಕಣ್ಣಿಗೆ ಬೀಳುವುದು ನಾಲ್ಕೇ ಪದ: ಕುಕ್, ಟ್ಯಾಮರಿಂಡ್, ಜ್ಯೂಸ್, ಆಡ್. ಅವನು ಹುಣಸೆ ರಸವನ್ನು ಬೇಳೆಯ ಜೊತೆಗೇ ಕುಕ್ಕರಿಗೆ ಸುರಿಯುತ್ತಾನೆ. ಹುಳಿ ಬಿದ್ದ ಬೇಳೆ ಬೇಗ ಬೇಯುವುದಿಲ್ಲ ಎಂಬುದು ನಮ್ಮ ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತು. ವಿಡಿಯೋದಲ್ಲಿ ಅಡುಗೆ ಮಾಡುವ ಅಜ್ಜಿ ಬಾಯಿಬಿಟ್ಟು ಹೇಳಿದ್ದೂ ಅದನ್ನೇ, "ಬೆಂದ ಮೇಲೆ" ಹಾಕಿ ಎಂದು. ಆ "ಮೇಲೆ" ಎಲ್ಲಿದೆ ನೋಡಿ. ಕನ್ನಡ ಲಿಪಿಯ "ಆದ್ಮೇಲೆ"ಯೊಳಗೆ ಕೂತಿದೆ. ಅಳಿಯನಿಗೆ ಸಾಮಾನಿನ ಪಟ್ಟಿ ಸಿಕ್ಕಿತು, ಅಡುಗೆ ಸಿಗಲಿಲ್ಲ.

ಇದು ಆ ಒಂದು ಸಾಲಿನ ಹಣೆಬರಹವಲ್ಲ. ನಾವು ಇಂಗ್ಲಿಷ್ ಬೆರೆಸುವ ರೀತಿಯೇ ಹಾಗೆ. ಹೆಸರನ್ನೂ ಕ್ರಿಯೆಯನ್ನೂ ಇಂಗ್ಲಿಷಿನಿಂದ ತರುತ್ತೇವೆ. ಮೊದಲು, ಆಮೇಲೆ, ಆದರೆ, ಇಲ್ಲದಿದ್ದರೆ, ಬೇಡ ಎಂಬುದನ್ನೆಲ್ಲ ಹೊರುವ ಪ್ರತ್ಯಯಗಳನ್ನು ಕನ್ನಡದಲ್ಲೇ ಉಳಿಸಿಕೊಳ್ಳುತ್ತೇವೆ. ನಂಬಿಕೆ ಬಾರದಿದ್ದರೆ ಈ ಎರಡು ಸಾಲು ನೋಡಿ.

```
ಈಗ salt add ಮಾಡಿ
ಈಗ salt add ಮಾಡಬೇಡಿ
```

ಕನ್ನಡ ಓದಲು ಬಾರದವನಿಗೆ ಎರಡೂ ಒಂದೇ. ಎರಡನೆಯದು ಸ್ವಲ್ಪ ಉದ್ದ, ಅಷ್ಟೇ. "ಅರ್ಧವಾದರೂ ಅರ್ಥ ಆಗುತ್ತಲ್ಲ ಸಾರ್" ಎಂದು ವಾದಿಸುವವರಿಗೆ ನಾನು ಇದನ್ನೇ ತೋರಿಸುತ್ತೇನೆ. ಆ ಅರ್ಧಕ್ಕಿಂತ ಏನೂ ಅರ್ಥವಾಗದಿರುವುದೇ ವಾಸಿ. ಏನೂ ತಿಳಿಯದವನು ಪಕ್ಕದಲ್ಲಿರುವ ಹೆಂಡತಿಯನ್ನು ಕೇಳುತ್ತಾನೆ. ಅರ್ಧ ತಿಳಿದವನು ಕೇಳುವುದಿಲ್ಲ.

ಎರಡು ಭಾಷೆ ಬೆರೆಸಿದರೆ ಎರಡು ಗುಂಪಿನವರೂ ಕೂಡಿ ಬರುತ್ತಾರೆ ಎಂಬ ಲೆಕ್ಕವೇ ತಲೆಕೆಳಗಾಗಿದೆ. ಬೆರಕೆ ಸಾಲನ್ನು ಪೂರ್ತಿ ಓದಬಲ್ಲವರು ಎರಡೂ ಲಿಪಿ ಬಲ್ಲವರು ಮಾತ್ರ. ಅಂದರೆ ಆ ತಾಯಿ ಒಬ್ಬರೇ. ಅಳಿಯ ಹೊರಗುಳಿದ. ಇತ್ತ ಊರಲ್ಲಿ ಕನ್ನಡವಷ್ಟೇ ಓದುವ ನಿಮ್ಮ ಅತ್ತಿಗೆಯೂ ಹೊರಗುಳಿದರು. ಇದ್ದವರನ್ನೂ ಕಳೆದುಕೊಂಡು ರೀಚ್ ಹೆಚ್ಚಾಯಿತು ಎಂದರೆ ಹೇಗೆ?

ಇಲ್ಲಿಗೆ ಬಂದಾಗ ತಪ್ಪದೆ ಬರುವ ಮಾತು: "ನಾವು ಮಾತಾಡೋದೇ ಹಾಗಲ್ವಾ?" ಹೌದು, ನಾನೂ ಹಾಗೇ ಮಾತಾಡುತ್ತೇನೆ. ಅದನ್ನು ತಿದ್ದಿ ಎಂದು ಹೇಳುತ್ತಿಲ್ಲ. ಅಜ್ಜಿ "ಆಡ್ ಮಾಡಿ" ಎಂದಿದ್ದರೆ ಕನ್ನಡದ ಸಾಲಿನಲ್ಲಿ "ಆಡ್ ಮಾಡಿ" ಎಂದೇ ಬರೆಯಿರಿ, "ಸೇರಿಸಿ" ಎಂದು ಶುದ್ಧ ಮಾಡಬೇಡಿ. ಕಿವಿಗೆ ಒಂದು, ಕಣ್ಣಿಗೆ ಒಂದು ಬಂದರೆ ನೋಡುವವರಿಗೆ ಕಿರಿಕಿರಿ. ಪ್ರೆಶರ್ ಕುಕ್ಕರನ್ನು ಒತ್ತಡದ ಪಾತ್ರೆ ಮಾಡುವ ಉಸಾಬರಿಯೂ ಬೇಡ. ಆದರೆ ಅದು ಕನ್ನಡ ಲಿಪಿಯಲ್ಲಿರಲಿ. ಮಾತಿನಲ್ಲಿ ಭಾಷೆ ಬದಲಾದರೆ ಕಿವಿ ಎಡವುವುದಿಲ್ಲ. ಸಾಲಿನ ನಡುವೆ ನಾಲ್ಕು ಸಲ ಲಿಪಿ ಬದಲಾದರೆ ಕಣ್ಣು ಎಡವುತ್ತದೆ. ಕ್ಯಾಪ್ಷನ್ ನಿಮಗಾಗಿ ಕಾಯುವುದೂ ಇಲ್ಲ, ಮೂರ್ನಾಲ್ಕು ಸೆಕೆಂಡಿನಲ್ಲಿ ಹೋಗಿಬಿಡುತ್ತದೆ.

ಸರಿ, ಹಾಗಾದರೆ ಮಾಡುವುದು ಹೇಗೆ? ಯೂಟ್ಯೂಬಿನಲ್ಲಿ ಒಂದು ವಿಡಿಯೋಗೆ ಎಷ್ಟು ಭಾಷೆಯ ಸಬ್‌ಟೈಟಲ್ ಬೇಕಾದರೂ ಪ್ರತ್ಯೇಕವಾಗಿ ಸೇರಿಸಬಹುದು. ನೋಡುವವರು ತಮಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತಾರೆ. ಮೊದಲು ಕನ್ನಡದ ಫೈಲ್ ಮಾಡಿ:

```
7
00:01:12,000 --> 00:01:16,500
ಬೇಳೆ ಬೆಂದ್ಮೇಲೆ ಹುಣಸೆ ರಸ ಹಾಕಿ.
ಮೊದಲೇ ಹಾಕಿದ್ರೆ ಬೇಳೆ ಬೇಯಲ್ಲ.
```

ಅದನ್ನೇ ಇನ್ನೊಂದು ಹೆಸರಿನಲ್ಲಿ ಉಳಿಸಿ, ಸಮಯವನ್ನು ಮುಟ್ಟದೆ ಮಾತನ್ನಷ್ಟೇ ಬದಲಿಸಿ:

```
7
00:01:12,000 --> 00:01:16,500
Tamarind goes in after the bele is soft.
Put it in early and it never will be.
```

ಯೂಟ್ಯೂಬ್ ಸ್ಟುಡಿಯೋದ ಸಬ್‌ಟೈಟಲ್ಸ್ ಪುಟದಲ್ಲಿ ಒಂದನ್ನು ಕನ್ನಡ, ಇನ್ನೊಂದನ್ನು ಇಂಗ್ಲಿಷ್ ಎಂದು ಗುರುತಿಸಿ ಏರಿಸಿ. ಫೈಲ್ ಉಳಿಸುವಾಗ ಎನ್‌ಕೋಡಿಂಗ್ UTF-8 ಇರಲಿ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ ತೆರೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ, ಯೂನಿಕೋಡ್ ಮಾಡಿಕೊಂಡೇ ಹಾಕಬೇಕು. ಇಂಗ್ಲಿಷಿಗೆ ಸೆಕೆಂಡಿಗೆ 15ರಿಂದ 17 ಅಕ್ಷರ ಎಂಬುದು ನಾನು ಹಿಡಿದಿರುವ ಅಳತೆ. ಮೇಲಿನ ಸಾಲುಗಳಿಗೆ ನಾಲ್ಕೂವರೆ ಸೆಕೆಂಡ್ ಕೊಟ್ಟದ್ದು ಅದಕ್ಕೇ. ಅಜ್ಜಿ ಗಡಿಬಿಡಿಯಲ್ಲಿ ಹೇಳಿ ಮುಗಿಸಿದರೆ ಇಂಗ್ಲಿಷನ್ನು ಮೊಟಕು ಮಾಡಿ, ಅಕ್ಷರ ತುರುಕಬೇಡಿ.

ವಾಟ್ಸಾಪಿನಲ್ಲಿ ಹರಿದಾಡುವ ತುಣುಕಿಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ವಿಡಿಯೋ ಫೈಲನ್ನಷ್ಟೇ ಕಳಿಸಿದಾಗ ಯೂಟ್ಯೂಬಿನಲ್ಲಿ ಬೇರೆಯಾಗಿ ಏರಿಸಿದ ಸಬ್‌ಟೈಟಲ್ ಅದರ ಜೊತೆ ಹೋಗದು. ಅಲ್ಲಿ ಅಕ್ಷರವನ್ನು ಚಿತ್ರದ ಮೇಲೆಯೇ ಅಚ್ಚು ಹಾಕಬೇಕು. ಎರಡು ಭಾಷೆ ಬೇಕೇಬೇಕು ಎಂದರೆ ಮೇಲೆ ಒಂದು ಪೂರ್ಣ ಕನ್ನಡ ಸಾಲು, ಕೆಳಗೆ ಸ್ವಲ್ಪ ಚಿಕ್ಕ ಅಕ್ಷರದಲ್ಲಿ ಒಂದು ಪೂರ್ಣ ಇಂಗ್ಲಿಷ್ ಸಾಲು. ನೋಡುವವರು ತಮ್ಮ ಸಾಲು ಯಾವುದೆಂದು ಎರಡು ಕ್ಷಣದಲ್ಲಿ ಕಲಿತು ಇನ್ನೊಂದನ್ನು ಮರೆಯುತ್ತಾರೆ. ಯೂಟ್ಯೂಬ್ ಶಾರ್ಟ್ಸ್‌ನಂಥ ಉದ್ದುದ್ದ ನಿಲ್ಲುವ ವಿಡಿಯೋ ಆದರೆ ತೀರ ಕೆಳಗೆ ಹಾಕಬೇಡಿ, ಆ ಜಾಗವನ್ನು ಚಾನೆಲ್ ಹೆಸರು ಮತ್ತು ಶೀರ್ಷಿಕೆ ಆಗಲೇ ಹಿಡಿದಿರುತ್ತವೆ.

ಇನ್ನು ಬೆರಕೆಯಿಂದ ಲಾಭವೇ ಇಲ್ಲವೇ? ಇದೆ, ಜನ ಬೆರೆಸುವ ದಿಕ್ಕಿನಲ್ಲಿ ಅಲ್ಲ. ಮೇಲಿನ ಇಂಗ್ಲಿಷ್ ಸಾಲನ್ನು ಇನ್ನೊಮ್ಮೆ ನೋಡಿ, ಬೇಳೆಯನ್ನು ನಾನು ಬೇಳೆ ಎಂದೇ ಬಿಟ್ಟಿದ್ದೇನೆ. ಕನ್ನಡದ ಸಾಲಿಗೆ ಇಂಗ್ಲಿಷ್ ಸುರಿದರೆ ಯಾರಿಗೂ ಏನೂ ಸಿಗದು. ಇಂಗ್ಲಿಷ್ ಸಾಲಿನಲ್ಲಿ ಆರಿಸಿ ಒಂದೆರಡು ಕನ್ನಡ ಪದ ಬಿಟ್ಟರೆ ಮಗಳಿಗೆ ಸಿಗುತ್ತದೆ. ಒಗ್ಗರಣೆಯನ್ನು ಟೆಂಪರಿಂಗ್ ಎಂದು ಬರೆದರೆ ಆ ಹುಡುಗಿಗೆ ಅದು ಹೊಸ ಪದ. ಒಗ್ಗರಣೆ ಎಂಬುದು ಅವಳು ಹುಟ್ಟಿದಾಗಿನಿಂದ ಕೇಳಿದ ಮಾತು, ಸಾಸಿವೆ ಚಟಪಟ ಎನ್ನುವ ಶಬ್ದದ ಸಮೇತ. ಅಳಿಯನಿಗೂ ತೊಂದರೆಯಿಲ್ಲ. ಬಾಣಲೆ, ಎಣ್ಣೆ, ಸಾಸಿವೆ ಕಣ್ಣೆದುರೇ ಇವೆ, ಸುತ್ತಲಿನ ವಾಕ್ಯ ಪೂರ್ತಿ ಅವನ ಭಾಷೆಯಲ್ಲಿದೆ. ಹಾಗಾಗಿ ಅಜ್ಜಿಯನ್ನು ಗ್ರ್ಯಾಂಡ್‌ಮದರ್ ಮಾಡಬೇಡಿ, ಭಾವನನ್ನು ಬ್ರದರ್ ಇನ್ ಲಾ ಮಾಡಬೇಡಿ. ವಾಕ್ಯದ ಎಲುಬು ಒಂದೇ ಭಾಷೆಯದಾಗಿರಬೇಕು. ಮೊದಲು, ಆಮೇಲೆ, ಬೇಡ ಇವೆಲ್ಲ ಆ ಎಲುಬಿನ ಭಾಷೆಯಲ್ಲೇ ಬರಬೇಕು.

"ಆ ಚಾನೆಲ್ಲಿನವರು ಬೆರೆಸಿಯೇ ಹಾಕ್ತಾರೆ, ಲಕ್ಷಗಟ್ಟಲೆ ವ್ಯೂಸ್ ಬರುತ್ತೆ" ಎನ್ನುವವರಿಗೆ ಒಂದು ಕೆಲಸ ಕೊಡುತ್ತೇನೆ. ನಿಮ್ಮದೇ ಅನಾಲಿಟಿಕ್ಸ್ ತೆರೆಯಿರಿ. ಯಾವ ದೇಶದಿಂದ ನೋಡಿದರು, ಯಾವ ಭಾಷೆಯ ಸಬ್‌ಟೈಟಲ್ ಆನ್ ಮಾಡಿದರು, ಹುಡುಕಿ ಬಂದವರು ಏನೆಂದು ಟೈಪ್ ಮಾಡಿದರು, ಮೂರನ್ನೂ ಒಟ್ಟಿಗೆ ನೋಡಿ. ಜನರನ್ನು ಬಾಗಿಲ ತನಕ ತರುವುದು ಶೀರ್ಷಿಕೆ ಮತ್ತು ಥಂಬ್‌ನೇಲ್. ಕ್ಯಾಪ್ಷನ್ನಿನ ಕೆಲಸ ಬಂದವರನ್ನು ಕೂರಿಸುವುದು.

ಶೀರ್ಷಿಕೆಯ ಮಾತು ಬಂತು, ಯಾರೂ ಕೇಳದಿದ್ದರೂ ಹೇಳಿಬಿಡುತ್ತೇನೆ. ಬೆರಕೆಗೆ ಸರಿಯಾದ ಜಾಗ ಅದೇ. ಶೀರ್ಷಿಕೆಯನ್ನು ಯಾರೂ ವಾಕ್ಯವಾಗಿ ಓದುವುದಿಲ್ಲ, ತಮ್ಮ ಪದ ಅದರಲ್ಲಿದೆಯೇ ಎಂದು ಕಣ್ಣಾಡಿಸುತ್ತಾರೆ. ಕನ್ನಡ ಬಲ್ಲವರಲ್ಲೂ ಎಷ್ಟೋ ಜನ ಹುಡುಕುವಾಗ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಟೈಪ್ ಮಾಡುತ್ತಾರೆ. ಹಾಗಾಗಿ ಯೂಟ್ಯೂಬ್ ಕೊಡುವ 100 ಅಕ್ಷರದೊಳಗೆ ಎರಡೂ ಲಿಪಿ ಇರಲಿ, ಮುಖ್ಯವಾದದ್ದು ಮೊದಲು ಬರಲಿ. ಫೋನಿನಲ್ಲಿ ಬಾಲ ಕತ್ತರಿಸಿಹೋಗುತ್ತದೆ.

ಆದರೆ ಇಂಗ್ಲಿಷ್ ಅಕ್ಷರದ ಕನ್ನಡ ಎಂಬುದು ಮಹಾ ಮೋಸಗಾರ. `bele` ಎಂದರೆ ಬೇಳೆಯೂ ಹೌದು, ಬೆಳೆಯೂ ಹೌದು, ಬೆಲೆಯೂ ಹೌದು. ಕ್ಯಾಪ್ಷನ್ನನ್ನು ಇಡಿಯಾಗಿ ಈ ರೀತಿ ಬರೆದರೆ ಮಕ್ಕಳಿಗೆ ಅನುಕೂಲ ಎನ್ನುವವರಿದ್ದಾರೆ. ಒಂದೆರಡು ಪದಕ್ಕೆ ಸರಿ. ಇಡೀ ಸಾಲಾದರೆ ಮಕ್ಕಳು ಒಂದೊಂದು ಪದವನ್ನೂ ಬಾಯಲ್ಲಿ ಉರುಳಿಸಿ ನೋಡುವಷ್ಟರಲ್ಲಿ ಸಾಲು ಮಾಯವಾಗಿರುತ್ತದೆ. ದೊಡ್ಡವರಿಗೂ ಅದು ಕಷ್ಟವೇ, ಊರಿನ ಬಸ್ಸಿನ ಬೋರ್ಡನ್ನು ಹಿಂದಿನ ಗಾಜಿನಿಂದ ಓದಿದ ಹಾಗೆ.

ಒಂದು ಅಡುಗೆ ಚಾನೆಲ್ಲಿಗೆ ನಾನೇ ಶೀರ್ಷಿಕೆಯಲ್ಲಿ `Huli` ಎಂದಷ್ಟೇ ಬರೆದುಕೊಟ್ಟಿದ್ದೆ. ಚಾನೆಲ್ಲಿನ ಅಮ್ಮನವರಿಗೆ ನ್ಯೂಜೆರ್ಸಿಯಿಂದ ಮೊಮ್ಮಗಳ ಫೋನ್ ಬಂತು: "ಅಜ್ಜಿ, ನೀವು ಟೈಗರ್ ಕುಕ್ ಮಾಡಿದ್ರಾ?" ಲಕಾರ ಳಕಾರದ ವ್ಯತ್ಯಾಸ ಇಂಗ್ಲಿಷ್ ಅಕ್ಷರಕ್ಕೆ ಗೊತ್ತಿಲ್ಲ, ಆ ಮಗುವಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಈಗ ಆ ವಿಡಿಯೋದ ಶೀರ್ಷಿಕೆ ಹೀಗಿದೆ:

```
ತರಕಾರಿ ಹುಳಿ | Tarakari Huli | Karnataka-style sambar
```