ತಡವಾಗಿ ಬರುವವರ ಸ್ವಭಾವವೂ ಹಾಜರಾತಿ ದಾಖಲೆಯೂ

ಸಂಸ್ಥೆಗಳಲ್ಲಿ ಆಪ್ತಸಮಾಲೋಚಕನಾಗಿ ಕೆಲಸ ಮಾಡುವ ನನ್ನ ಮುಂದೆ ಬರುವ ದೂರುಗಳಲ್ಲಿ ಸಹೋದ್ಯೋಗಿ ತಡವಾಗಿ ಬರುತ್ತಾರೆ ಎನ್ನುವುದು ತೀರಾ ಸಾಮಾನ್ಯ. ಆದರೆ ದೂರು ಹೇಳುವವರು ಹೊತ್ತಿನ ವಿಷಯದಲ್ಲಿ ನಿಲ್ಲುವುದಿಲ್ಲ. ‘ಅವರಿಗೆ ಜವಾಬ್ದಾರಿ ಇಲ್ಲ’ ಎಂಬ ತೀರ್ಪಿಗೆ ಎರಡನೇ ವಾಕ್ಯದಲ್ಲೇ ಬಂದುಬಿಡುತ್ತಾರೆ. ತಾವೇ ತಡವಾದ ದಿನದ ಬಗ್ಗೆ ಕೇಳಿದರೆ ಮಳೆ, ಮೆಟ್ರೊ ಕಾಮಗಾರಿ, ಮಗುವಿನ ಶಾಲಾ ವಾಹನ ಎಲ್ಲವೂ ನೆನಪಿಗೆ ಬರುತ್ತವೆ. ಬೇರೆಯವರ ನಡತೆಗೆ ಅವರ ಸ್ವಭಾವವನ್ನೇ ಕಾರಣವಾಗಿಸಿ ಸಂದರ್ಭವನ್ನು ಕಡೆಗಣಿಸುವ ಈ ಒಲವಿಗೆ ‘ಮೂಲಭೂತ ಗುಣಾರೋಪಣ ದೋಷ’ ಎಂಬ ಅರ್ಥದ ಹೆಸರನ್ನು ಕೊಟ್ಟವರು ಅಮೆರಿಕದ ಮನೋವಿಜ್ಞಾನಿ ಲೀ ರಾಸ್, 1977ರಲ್ಲಿ.

ಇದಕ್ಕೆ ದುರುದ್ದೇಶ ಬೇಕಿಲ್ಲ. ನಾವು ತಡವಾದಾಗ ನಮ್ಮ ಕಣ್ಣೆದುರು ಇರುವುದು ರಸ್ತೆ. ಸಹೋದ್ಯೋಗಿ ತಡವಾದಾಗ ಕಾಣಿಸುವುದು ಬಾಗಿಲು ತಳ್ಳಿಕೊಂಡು ಒಳಬರುವ ಅವರೊಬ್ಬರೇ. ಡೇನಿಯಲ್ ಗಿಲ್ಬರ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇನ್ನೊಂದು ಅಂಶವನ್ನು ತೋರಿಸಿದವು. ನಡತೆಯಿಂದ ಸ್ವಭಾವವನ್ನು ಊಹಿಸುವ ಕೆಲಸ ಮನಸ್ಸಿನಲ್ಲಿ ತಾನಾಗಿಯೇ ನಡೆಯುತ್ತದೆ. ‘ಸಂದರ್ಭ ಹೇಗಿತ್ತೋ’ ಎಂದು ಆ ಊಹೆಯನ್ನು ತಿದ್ದಿಕೊಳ್ಳುವುದಕ್ಕೆ ಮಾತ್ರ ಗಮನ ಬೇಕು, ಮನಸ್ಸು ಬೇರೊಂದು ಕೆಲಸದಲ್ಲಿ ತೊಡಗಿದ್ದರೆ ಆ ತಿದ್ದುಪಡಿಯೇ ಕೈತಪ್ಪುತ್ತದೆ. ಬೆಳಗಿನ ಸಭೆಯನ್ನು ನಡೆಸುತ್ತ, ಒಂದು ಕಣ್ಣನ್ನು ಫೋನಿನ ಮೇಲಿಟ್ಟಿರುವ ತಂಡದ ಮುಖ್ಯಸ್ಥರಿಗೆ ಅಷ್ಟು ಗಮನ ಎಲ್ಲಿ ಉಳಿದಿರುತ್ತದೆ?

ವಿವರಗಳನ್ನು ಬದಲಿಸಿ ಒಂದು ಪ್ರಕರಣವನ್ನು ಹೇಳುತ್ತೇನೆ. ಬೆಳಗ್ಗೆ 9.30ರ ಸಭೆಗೆ ತಂಡದ ಒಬ್ಬರು ಆಗಾಗ ಇಪ್ಪತ್ತು ನಿಮಿಷ ತಡವಾಗಿ ಬರುತ್ತಿದ್ದರು. ಮುಖ್ಯಸ್ಥರು ಅವರ ವಾರ್ಷಿಕ ಮೌಲ್ಯಮಾಪನದ ಕರಡಿನಲ್ಲಿ ‘ಬದ್ಧತೆಯ ಕೊರತೆ’ ಎಂದು ಬರೆದಿದ್ದರು. ಅದನ್ನು ಕಳುಹಿಸುವ ಮೊದಲು ಎರಡು ತಿಂಗಳ ಹಾಜರಾತಿ ದಾಖಲೆ ತರಿಸಿಕೊಳ್ಳಿ ಎಂದೆ. ಹೆರಾಲ್ಡ್ ಕೆಲಿ ಎಂಬ ಮನೋವಿಜ್ಞಾನಿ 1967ರಲ್ಲಿ ಮುಂದಿಟ್ಟ ಮೂರು ಪ್ರಶ್ನೆಗಳನ್ನು ಆ ದಾಖಲೆಗೆ ಕೇಳುವುದು ನನ್ನ ಪದ್ಧತಿ.

ಇದೇ ಸಭೆಗೆ ಬೇರೆಯವರೂ ತಡವಾಗುತ್ತಾರೆಯೇ ಎಂಬುದು ಮೊದಲ ಪ್ರಶ್ನೆ. ಉಳಿದವರು ಹೆಚ್ಚುಕಡಿಮೆ ಸಮಯಕ್ಕೇ ಬರುತ್ತಿದ್ದರು. ಇಲ್ಲಿಗೇ ನಿಲ್ಲಿಸಿದ್ದರೆ ಮುಖ್ಯಸ್ಥರ ತೀರ್ಪೇ ಸರಿ ಎನಿಸುತ್ತಿತ್ತು. ಈ ವ್ಯಕ್ತಿ ಬೇರೆ ಕೆಲಸಗಳಲ್ಲೂ ತಡಮಾಡುತ್ತಾರೆಯೇ ಎಂಬುದು ಎರಡನೆಯದು. ಹನ್ನೊಂದರ ಗ್ರಾಹಕರ ಕರೆಯನ್ನು ಅವರು ಒಮ್ಮೆಯೂ ತಪ್ಪಿಸಿರಲಿಲ್ಲ, ಒಪ್ಪಿಕೊಂಡ ಕೆಲಸವನ್ನು ಗಡುವು ಮೀರಿ ಕೊಟ್ಟದ್ದೂ ಇರಲಿಲ್ಲ. ಮೂರನೆಯದು, ಈ ತಡ ಎಷ್ಟು ನಿಯತವಾಗಿದೆ ಎಂಬುದು. ತಡವಾದ ದಿನಗಳನ್ನು ಪೆನ್ಸಿಲಿನಲ್ಲಿ ಗುರುತಿಸುತ್ತ ಹೋದಾಗ ಎಲ್ಲ ಗುರುತುಗಳೂ ಮಂಗಳವಾರ ಮತ್ತು ಶುಕ್ರವಾರದ ಸಾಲುಗಳಲ್ಲೇ ಬಿದ್ದವು. ಬೇಜವಾಬ್ದಾರಿತನಕ್ಕೆ ವಾರದ ಲೆಕ್ಕ ಇರುವುದಿಲ್ಲ.

‘ಯಾಕೆ ಯಾವಾಗಲೂ ತಡ?’ ಎಂದು ಕೇಳಿದರೆ ಸಿಗುವುದು ಸಮಜಾಯಿಷಿ ಮಾತ್ರ. ಅದರ ಬದಲು ಮುಖ್ಯಸ್ಥರು ‘ಮಂಗಳವಾರ, ಶುಕ್ರವಾರ ಬೆಳಗ್ಗೆ ನಿಮಗೆ ಬೇರೆ ಏನಾದರೂ ಕೆಲಸ ಇರುತ್ತದೆಯೇ?’ ಎಂದು ಕೇಳಿದರು. ಅವರ ತಂದೆಗೆ ಆ ಎರಡು ದಿನ ಡಯಾಲಿಸಿಸ್ ಇತ್ತು. ಹಾಸಿಗೆ ಸಿಕ್ಕಿ, ಕೈಗೆ ಸೂಜಿ ಹಾಕಿ, ಯಂತ್ರ ಸರಿಯಾಗಿ ಓಡತೊಡಗುವವರೆಗೆ ಕಾದಿದ್ದು, ಆಮೇಲೆ ತಂದೆಯ ಪಕ್ಕದಲ್ಲಿ ತಾಯಿಯನ್ನು ಕೂರಿಸಿ ಅವರು ಹೊರಡುತ್ತಿದ್ದರು. ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲವಾದ್ದರಿಂದ, ಹೇಳಿದರೆ ನೆಪವೆಂದುಕೊಳ್ಳುತ್ತಾರೆ ಎಂದು ಸುಮ್ಮನಿದ್ದರು. ಆ ಎರಡು ದಿನ ಸಭೆಯನ್ನು ಹತ್ತು ಗಂಟೆಗೆ ಇಟ್ಟುಕೊಂಡ ಮೇಲೆ ತಡದ ಸಮಸ್ಯೆ ಉಳಿಯಲಿಲ್ಲ. ಅಂದಹಾಗೆ, ಅದೇ ದಾಖಲೆಯಲ್ಲಿ ಮುಖ್ಯಸ್ಥರೂ ಕೆಲವು ದಿನ ತಡವಾಗಿ ಬಂದದ್ದು ಕಾಣಿಸಿತು. ಹಿಂದಿನ ಕರೆ ಮುಗಿಯದೆ ತಡವಾಗಿತ್ತು ಎಂಬ ಅವರ ಕಾರಣ ನಿಜವೇ ಆಗಿತ್ತು, ಆದರೆ ಅವನ್ನು ಅವರು ತಡವೆಂದು ಎಣಿಸಿಯೇ ಇರಲಿಲ್ಲ.

ಸಂದರ್ಭವನ್ನು ನೋಡುವುದು ನಮ್ಮವರಿಗೆ ಹೇಗೂ ಗೊತ್ತು ಎಂದು ಕೆಲವರು ವಾದಿಸುತ್ತಾರೆ. ಅದರಲ್ಲಿ ಸ್ವಲ್ಪ ಸತ್ಯವಿದೆ. ಜೋನ್ ಮಿಲ್ಲರ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೈಸೂರಿನ ವಯಸ್ಕರು ಅಮೆರಿಕದವರಿಗಿಂತ ಹೆಚ್ಚಾಗಿ ಸಂದರ್ಭವನ್ನೂ, ಕಡಿಮೆಯಾಗಿ ಸ್ವಭಾವವನ್ನೂ ಕಾರಣವಾಗಿ ಹೇಳಿದ್ದರು. ಆದರೆ ಅವರು ವಿವರಿಸಿದ್ದು ತಮಗೆ ಗೊತ್ತಿದ್ದ ಜನರ ನಡತೆಯನ್ನು. ಪಕ್ಕದ ಮೇಜಿನವರ ಮನೆಯಲ್ಲಿ ಯಾರಿದ್ದಾರೆ ಎಂಬುದೇ ತಿಳಿಯದ ಕಚೇರಿಗಳಲ್ಲಿ ಆ ಅಭ್ಯಾಸ ನಮ್ಮನ್ನು ಹೆಚ್ಚು ಕಾಯುವುದಿಲ್ಲ ಎನ್ನುವುದು ನನ್ನ ಅನಿಸಿಕೆ.

ಇದೇ ಪ್ರಶ್ನೆಗಳು ಎದುರು ದಿಕ್ಕಿಗೂ ಒಯ್ಯಬಹುದು. ಉಳಿದವರೆಲ್ಲ ಸಮಯಕ್ಕೆ ಬರುವಾಗ ಒಬ್ಬರೇ ಸಭೆಗೂ ಕರೆಗೂ ವರದಿಗೂ, ವಾರದ ಯಾವ ದಿನವಾದರೂ ತಡಮಾಡುತ್ತಿದ್ದರೆ ಕಾರಣ ಆ ವ್ಯಕ್ತಿಯ ರೂಢಿಯಲ್ಲೇ ಇರುವ ಸಾಧ್ಯತೆ ಹೆಚ್ಚು. ಅಲ್ಲಿ ಸಭೆಯ ಹೊತ್ತು ಬದಲಿಸಿ ಪ್ರಯೋಜನವಿಲ್ಲ, ನೇರವಾಗಿ ಮಾತಾಡಬೇಕು. ಹೊಸಬರೊಬ್ಬರು ಎರಡೇ ದಿನ ತಡವಾಗಿ ಬಂದಿದ್ದರೆ ಈ ವಿಧಾನ ಏನನ್ನೂ ಹೇಳಲಾರದು. ಅಂಥ ಸ್ಥಿತಿಯಲ್ಲಿ ಕಡತದಲ್ಲಿ ದಿನಾಂಕ ಮತ್ತು ನಿಮಿಷಗಳನ್ನಷ್ಟೇ ಬರೆಯಿರಿ ಎನ್ನುತ್ತೇನೆ. ‘ಶಿಸ್ತಿಲ್ಲ’ ಎಂದು ಬರೆದಿಟ್ಟರೆ ಮುಂದಿನ ವರ್ಷ ಬರುವ ಹೊಸ ಮುಖ್ಯಸ್ಥರು ದಿನಗಳನ್ನು ಎಣಿಸುವ ಗೋಜಿಗೇ ಹೋಗುವುದಿಲ್ಲ.