ಚಿನ್ನದ ಸಾಲ: ತಿಂಗಳ ಬಡ್ಡಿಯೋ, ಕೊನೆಗೆ ಒಟ್ಟು ಪಾವತಿಯೋ?

ಒಂದು ಲಕ್ಷ ರೂಪಾಯಿ ಚಿನ್ನದ ಸಾಲವನ್ನು ವಾರ್ಷಿಕ ಶೇ. 12ರ ದರದಲ್ಲಿ ಒಂದು ವರ್ಷಕ್ಕೆ ಪಡೆದಿದ್ದೀರಿ ಎಂದುಕೊಳ್ಳಿ. ಪ್ರತಿ ತಿಂಗಳು ಬಡ್ಡಿ ಕಟ್ಟುತ್ತಾ ಹೋದರೆ ತಿಂಗಳಿಗೆ 1,000 ರೂಪಾಯಿಯಂತೆ ವರ್ಷಕ್ಕೆ 12,000 ರೂಪಾಯಿ ಬಡ್ಡಿಯಾಗುತ್ತದೆ, ಅಸಲು ಕೊನೆಯವರೆಗೂ ಒಂದು ಲಕ್ಷವಾಗಿಯೇ ಉಳಿಯುತ್ತದೆ. ಬ್ಯಾಂಕುಗಳು ದಿನಗಳ ಲೆಕ್ಕ ಹಾಕುವುದರಿಂದ 31 ದಿನಗಳ ತಿಂಗಳಲ್ಲಿ 1,019 ರೂಪಾಯಿ, 30 ದಿನಗಳ ತಿಂಗಳಲ್ಲಿ 986 ರೂಪಾಯಿ ಬರುತ್ತದೆ. ವರ್ಷದ ಮೊತ್ತ ಮಾತ್ರ ಅಷ್ಟೇ.

ಏನನ್ನೂ ಕಟ್ಟದೆ ವರ್ಷದ ಕೊನೆಗೆ ಒಟ್ಟಿಗೆ ತೀರಿಸುವ ಸಾಲದಲ್ಲಿ ಬಡ್ಡಿಯನ್ನು ತಿಂಗಳಿಗೊಮ್ಮೆ ಅಸಲಿಗೆ ಸೇರಿಸುವ ಕರಾರಿದ್ದರೆ, ಎರಡನೇ ತಿಂಗಳ ಬಡ್ಡಿಯನ್ನು 1,01,000 ರೂಪಾಯಿಯ ಮೇಲೆ ಲೆಕ್ಕ ಹಾಕಲಾಗುತ್ತದೆ, ಅದು 1,010 ರೂಪಾಯಿ. ಮೂರನೆಯ ತಿಂಗಳು 1,020 ರೂಪಾಯಿ ಹತ್ತು ಪೈಸೆ. ಹೀಗೆ ಬೆಳೆದು ವರ್ಷಾಂತ್ಯಕ್ಕೆ ಒಟ್ಟು ಬಡ್ಡಿ 12,682 ರೂಪಾಯಿಯಾಗುತ್ತದೆ. ಚಕ್ರಬಡ್ಡಿಯಿಂದ ಬಂದ ಹೆಚ್ಚುವರಿ 682 ರೂಪಾಯಿ ಮಾತ್ರ. ಫಸಲು ಮಾರಿದ ಮೇಲಷ್ಟೇ ಕೈಗೆ ಹಣ ಬರುವವರಿಗೆ ಇದು ಅನ್ಯಾಯದ ಮೊತ್ತವೆಂದು ನನಗೆ ಅನ್ನಿಸುವುದಿಲ್ಲ. ಆರು ತಿಂಗಳಿಗೊಮ್ಮೆ ಅಲ್ಲಿಯವರೆಗಿನ 6,152 ರೂಪಾಯಿ ಬಡ್ಡಿಯನ್ನು ಚುಕ್ತಾ ಮಾಡಿದರೆ ವರ್ಷದ ಬಡ್ಡಿ 12,304 ರೂಪಾಯಿಗೆ ಇಳಿಯುತ್ತದೆ.

ನಿಜವಾದ ಹೊರೆ ಬೇರೆಡೆ ಇದೆ. ಕೆಲವು ಹಣಕಾಸು ಸಂಸ್ಥೆಗಳ ಯೋಜನೆಗಳಲ್ಲಿ ಶೇ. 12 ಎನ್ನುವುದು ತಿಂಗಳು ತಿಂಗಳು ಬಡ್ಡಿ ಕಟ್ಟುವವರಿಗೆ ಸಿಗುವ ರಿಯಾಯಿತಿ ದರವಾಗಿರುತ್ತದೆ; ಕಟ್ಟದೆ ಬಿಟ್ಟರೆ ಮೂಲ ದರ ಅನ್ವಯಿಸುತ್ತದೆ. ಆ ದರ ಶೇ. 18 ಆಗಿದ್ದು ಮೊದಲ ದಿನದಿಂದಲೇ ಜಾರಿಯಾದರೆ, ಅದೇ ಒಂದು ಲಕ್ಷಕ್ಕೆ ವರ್ಷಾಂತ್ಯದ ಬಡ್ಡಿ 19,562 ರೂಪಾಯಿ, ಅಂದರೆ ತಿಂಗಳ ಬಡ್ಡಿ ಕಟ್ಟಿದವರಿಗಿಂತ 7,562 ರೂಪಾಯಿ ಹೆಚ್ಚು. ಆದ್ದರಿಂದ ಸಹಿ ಹಾಕುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಸಾಲಪತ್ರದಲ್ಲಿಯೇ ತೋರಿಸಲು ಹೇಳಿ: ಬಡ್ಡಿ ಅಸಲಿಗೆ ಸೇರುವುದು ಎಷ್ಟು ತಿಂಗಳಿಗೊಮ್ಮೆ? ತಡವಾದರೆ ದರ ಎಷ್ಟಕ್ಕೆ ಏರುತ್ತದೆ, ಮತ್ತು ಯಾವ ದಿನದಿಂದ?

ಕೈಗೆ ಬರುವ ಸಾಲದ ಮೊತ್ತವೂ ಬದಲಾಗುತ್ತದೆ. ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೊರಡಿಸಿದ ನಿರ್ದೇಶನಗಳ ಪ್ರಕಾರ, ವೈಯಕ್ತಿಕ ಬಳಕೆಗಾಗಿ ಪಡೆಯುವ 2.5 ಲಕ್ಷದವರೆಗಿನ ಚಿನ್ನದ ಸಾಲ ಒಡವೆಯ ಮೌಲ್ಯದ ಶೇ. 85ನ್ನು ಮೀರುವಂತಿಲ್ಲ. ಕೊನೆಗೆ ಒಟ್ಟಿಗೆ ತೀರಿಸುವ ಸಾಲದಲ್ಲಿ ಈ ಮಿತಿಯೊಳಗೆ ಬಡ್ಡಿಯೂ ಸೇರಬೇಕು. ಹೀಗಾಗಿ ಎರಡು ಲಕ್ಷ ಮೌಲ್ಯದ ಒಡವೆಗೆ ತಿಂಗಳ ಬಡ್ಡಿಯ ಸಾಲದಲ್ಲಿ 1,70,000 ರೂಪಾಯಿಯವರೆಗೆ ಸಿಗಬಹುದಾದರೆ, ಶೇ. 12ರ ದರದಲ್ಲಿ ವರ್ಷದ ಕೊನೆಗೆ ತೀರಿಸುವ ಸಾಲದಲ್ಲಿ ಸುಮಾರು 1,50,800 ರೂಪಾಯಿಯಷ್ಟೇ ಸಿಗುತ್ತದೆ. ಇಂತಹ ಸಾಲದ ಅವಧಿ 12 ತಿಂಗಳನ್ನು ಮೀರುವಂತಿಲ್ಲ. ನವೀಕರಿಸಬೇಕಿದ್ದರೆ ಅಲ್ಲಿಯವರೆಗಿನ ಬಡ್ಡಿಯನ್ನು ಮೊದಲು ಕಟ್ಟಬೇಕು.